ಇದು ನಮ್ಮಿಬ್ಬರ ನಡುವ ಉಳಿತೈತೇನು?

ಗದಗದ ಆಚೆ ಗುಡ್ಡದ ಸಾಲಿನ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ಅಲ್ಲಿಯ ಜನ ಫ್ಯಾನ್ ಎಂದೇ ಕರೆಯುತ್ತಾರೆ. ಮಹಾನಂದಾ ಕಡೇಮನಿ ಆ ಫ್ಯಾನುಗಳನ್ನು ಹತ್ತುವವಳು. ಕಂಬದ ಒಳಗಿನ ಏಣಿ ಹಿಡಿದು ಮೇಲಿನ ಕೋಣೆಗೆ ಹೋಗಿ, ಸಡಿಲಾದ ಬೋಲ್ಟು ಬಿಗಿದು, ಗ್ರೀಸ್ ಹಾಕಿ, ಸವೆದದ್ದನ್ನು ಬದಲಿಸಿ ಇಳಿದು ಬರುವುದು ಅವಳ ಕೆಲಸ. ಆ ಕಂಪನಿಯಲ್ಲಿ ಫ್ಯಾನ್ ಹತ್ತುವ ಹೆಂಗಸು ಅವಳೊಬ್ಬಳೇ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ಸೋಮವಾರ ಅವಳು ಮೇಲಿನ ಕೋಣೆಯಲ್ಲಿ ನಿಂತು, ತಲೆಯ ಮೇಲಿದ್ದ ಒಂದು ಬೋಲ್ಟನ್ನು ನೋಡಲು ಕತ್ತೆತ್ತಿದಳು. ಕೋಣೆ ಗಿರ್ರನೆ ತಿರುಗಿತು. ಕೈಯಲ್ಲಿದ್ದ ಸ್ಪ್ಯಾನರ್ ಚೀಲ ಜಾರಿತು. ಅದರ ಹಗ್ಗ ಬೆಲ್ಟಿಗೆ ಸಿಕ್ಕಿಸಿದ್ದರಿಂದ ಮೊಣಕಾಲಿನ ಹತ್ತಿರ ತೂಗಾಡಿ ನಿಂತಿತು. ಸಿಕ್ಕಿಸದೇ ಇದ್ದಿದ್ದರೆ ಏಣಿಯ ಬಾಯಿಂದ ನೇರವಾಗಿ ಇಮಾಮ್‌ಸಾಬನ ತಲೆಯ ಮೇಲೆ ಬೀಳುತ್ತಿತ್ತು. ಅವಳ ಜೋಡಿ ಕೆಲಸಗಾರ ಇಮಾಮ್‌ಸಾಬ್ ಆಗ ಕೆಳಗಿನಿಂದ ಹತ್ತಿ ಬರುತ್ತಿದ್ದ.

ತಿರುಗುವುದು ಸ್ವಲ್ಪ ಹೊತ್ತಿಗೆ ನಿಂತಿತು. ಇಮಾಮ್‌ಸಾಬ್ ಮೇಲೆ ಬಂದಾಗ ಅವಳು ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದಳು.

"ಯಾಕವಾ ತಂಗಿ, ಮಾರಿ ಬೆಳ್ಳಗಾಗೇತಿ?"

"ಏನಿಲ್ಲ ಯಣ್ಣಾ, ಸೆಕಿ ಭಾಳ ಐತಿ."

ಸೆಕೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ಕೆಲವು ದಿನಗಳಿಂದ ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೂ ಹೀಗೇ ಆಗುತ್ತಿತ್ತು. ಗಂಡ ಬಸಲಿಂಗನಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಬಿಡು ಅನ್ನುತ್ತಾನೆ ಎಂದು ಅವಳ ಲೆಕ್ಕ. ಕಂಪನಿಗೆ ತಿಳಿದರೆ ಮತ್ತೆಂದೂ ಹತ್ತಿಸುವುದಿಲ್ಲ. ಹಿಂದೆ ಬೆನ್ನುನೋವೆಂದು ಬಾಯಿಬಿಟ್ಟ ಒಬ್ಬನನ್ನು ಸ್ಟೋರಿಗೆ ಹಾಕಿದ್ದರು. ನೋವು ಹೋಯಿತು, ಅವನು ಸ್ಟೋರಿನಲ್ಲೇ ಉಳಿದ.

ಕೆಳಗಿಳಿದು ಇಮಾಮ್‌ಸಾಬ್ ಜೀಪಿನ ಕಡೆ ಹೋದ ಮೇಲೆ ಅವಳು ಕಂಪನಿಯ ಫೋನು ತೆಗೆದಳು. ಅದರಲ್ಲಿ ಒಡನಾಡಿ ಇತ್ತು. ಬರೆದರೆ ಬರೆದು, ಮಾತಾಡಿದರೆ ಮಾತಾಡಿ ಉತ್ತರಿಸುವ ಯಂತ್ರಬುದ್ಧಿ. ಗಾಳಿಯ ವೇಗ ಎಷ್ಟು, ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂದೆಲ್ಲ ದಿನವೂ ಅದನ್ನೇ ಕೇಳುತ್ತಿದ್ದಳು. ಈಚೆಗೆ ಕಂಪನಿ, ಮೈಗೆ ಹುಷಾರಿಲ್ಲದಿದ್ದರೂ ಮನಸ್ಸಿಗೆ ಬೇಸರವಾದರೂ ಒಡನಾಡಿಯ ಹತ್ತಿರ ಹೇಳಿಕೊಳ್ಳಿ ಎಂದು ಸಾರಿತ್ತು.

ಅವಳು ಬರೆದಳು: "ನಮಸ್ಕಾರ. ಇದು ನಮ್ಮಿಬ್ಬರ ನಡುವ ಉಳಿತೈತೇನು?"

*

ಆ ಪ್ರಶ್ನೆಗೆ ಏನು ಉತ್ತರ ಬರಬೇಕೆಂದು ಗದಗದ ಕಂಟ್ರೋಲ್ ರೂಮಿನಲ್ಲಿ ಅದಕ್ಕೆ ಮೊದಲೇ ಒಂದು ಜಗಳ ಆಗಿಹೋಗಿತ್ತು.

ಗುಡ್ಡದ ಎಲ್ಲ ಫ್ಯಾನುಗಳೂ ಅಲ್ಲಿಯ ಗೋಡೆಯ ಪರದೆಯ ಮೇಲೆ ಹಸಿರು ಚುಕ್ಕೆಗಳಾಗಿ ಕಾಣುತ್ತಿದ್ದವು. ಅದರ ಪಕ್ಕದ ಮೇಜಿನಲ್ಲಿ ನಿರುಪಮಾ ಹೊಂಬಳ ಕೂರುತ್ತಿದ್ದಳು. ಒಡನಾಡಿಯನ್ನು ಸಿದ್ಧಪಡಿಸಿ ಜನರ ಕೈಗೆ ಕೊಡುವ ಹೊಣೆ ಅವಳದು. ಕೊಡುವ ಮೊದಲು ಅವಳೇ ನೂರೆಂಟು ಬಗೆಯಲ್ಲಿ ಅದನ್ನು ಮಾತಾಡಿಸಿ ನೋಡಿದಳು. ಒಂದು ಸಲ "ನಮಸ್ಕಾರ, ನಾನು ಹೇಳೋದು ಗುಟ್ಟಾಗಿರುತ್ತಾ?" ಎಂದು ಕೇಳಿದಳು. "ಖಂಡಿತ! ನಮ್ಮ ಮಾತು ಸಂಪೂರ್ಣ ಗುಟ್ಟಾಗಿರುತ್ತದೆ, ನಿಶ್ಚಿಂತೆಯಿಂದ ಹೇಳಿ" ಎಂದಿತು ಒಡನಾಡಿ.

ಇದನ್ನು ಇದಕ್ಕೆ ಹೇಳಿಕೊಟ್ಟವರು ಯಾರು ಎಂದು ನಿರುಪಮಾ ಸೂಚನೆಗಳನ್ನು ತೆರೆದು ನೋಡಿದಳು.

ಅದು ಬೇಕೆಂದು ಸುಳ್ಳು ಹೇಳಿರಲಿಲ್ಲ. ಪ್ರತಿ ಮಾತುಕತೆ ಶುರುವಾಗುವಾಗ ಒಡನಾಡಿಯ ಮುಂದೆ ಮೊದಲು ಕಂಪನಿಯ ಸೂಚನೆಗಳು ಬರುತ್ತವೆ, ಆಮೇಲೆ ಕೇಳುವವರ ಮಾತು. ಈ ಎರಡನ್ನೂ, ತಾನು ಮೊದಲೇ ಕಲಿತದ್ದನ್ನೂ ಇಟ್ಟುಕೊಂಡು ಅದು ಪದಕ್ಕೆ ಪದ ಜೋಡಿಸಿ ಉತ್ತರ ಕಟ್ಟುತ್ತದೆ. ಆ ಮಾತುಕತೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ, ಯಾವ ಕಂಪ್ಯೂಟರಿನಲ್ಲಿ ಕೂರುತ್ತದೆ, ಯಾರು ತೆರೆದು ಓದುತ್ತಾರೆ ಎಂಬುದು ಅದಕ್ಕೆ ಕಾಣಿಸುವುದೇ ಇಲ್ಲ. ಸೂಚನೆಯಲ್ಲಿ ಬರೆದಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಕಂಪನಿಯ ಸೂಚನೆಯಲ್ಲಿ ಇದ್ದದ್ದು ಒಂದೇ ಸಾಲು: ಕೆಲಸಗಾರರಿಗೆ ಧೈರ್ಯ ತುಂಬುವಂತೆ ಮಾತಾಡು. ಅದು ಧೈರ್ಯ ತುಂಬಿತ್ತು.

ನಿಜ ಸಂಗತಿ ಏನೆಂದು ತಿಳಿಯಲು ನಿರುಪಮಾ ಹಲವು ಕಡೆ ಫೋನು ಮಾಡಬೇಕಾಯಿತು. ಮಾತುಕತೆ ಮೂರು ತಿಂಗಳು ಉಳಿಯುತ್ತದೆ ಎಂದು ಒಬ್ಬರು ಹೇಳಿದರು. ಬೀಳುವುದು, ಗಾಯ, ತಲೆಸುತ್ತು ಇಂಥ ಮಾತು ಬಂದರೆ ಇನ್ನೊಂದು ಯಂತ್ರ ಅದಕ್ಕೆ ಕೆಂಪು ಗುರುತು ಹಾಕಿ ಕಂಟ್ರೋಲ್ ರೂಮಿಗೆ ಕಳಿಸುತ್ತದೆ ಎಂದು ಇನ್ನೊಬ್ಬರು. ಕೆಂಪು ಗುರುತಿನ ಮಾತು ಬಂದು ಬೀಳುವುದು ಅವಳ ಮೇಜಿಗೆ, ಮತ್ತು ಅವಳ ಮೇಲಧಿಕಾರಿ ಅರವಿಂದ ಚಿಕ್ಕಮಠರ ಮೇಜಿಗೆ. ಯಾರು ಯಾವ ಫ್ಯಾನ್ ಹತ್ತಬೇಕು, ಯಾರು ಹತ್ತಬಾರದು ಎಂದು ಪಾಳಿ ಹಾಕುವವರೂ ಅದೇ ಚಿಕ್ಕಮಠರು.

"ಇದನ್ನೆಲ್ಲಾ ಸೂಚನೆಯೊಳಗ ಬರೀತೀನಿ ಸರ್," ಎಂದಳು ನಿರುಪಮಾ. "ಕೇಳಿದವರಿಗೆ ಒಡನಾಡಿ ಇದ್ದದ್ದು ಇದ್ದಂಗ ಹೇಳಲಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಲಿ."

ಚಿಕ್ಕಮಠರು ಕನ್ನಡಕ ತೆಗೆದರು. "ಹಂಗ ಹೇಳಿದ್ರ ಯಾರ್ ಬಾಯಿ ಬಿಡತಾರವಾ? ಒಬ್ಬ ಹುಡುಗ ಫ್ಯಾನ್ ಮ್ಯಾಲಿಂದ ಬಿದ್ದಾಗ ಅವರ ಮನಿಗೆ ಸುದ್ದಿ ತಗೊಂಡು ಹೋದಾವ ನಾನು. ಅವನಿಗೆ ಜ್ವರ ಇತ್ತು, ಯಾರಿಗೂ ಹೇಳಿರಲಿಲ್ಲ. ಅವರವ್ವ ನನ್ನ ಮಾರಿ ನೋಡಿದ್ದು ಇನ್ನೂ ಮರ್ತಿಲ್ಲ. ಜನ ಮೊದಲ ಬಾಯಿ ಬಿಡ್ಲಿ. ಅದು ಮುಖ್ಯ."

"ಬಿಡ್ತಾರ ಸರ್. ಗುಟ್ಟು ಅಂತ ನಂಬಿ ಒಬ್ಬರು ಬಿಡ್ತಾರ. ಮರುದಿನ ಅವರ ಹೆಸರು ಪಾಳಿಯಿಂದ ಹೋಗಿರತೈತಿ. ಆಮ್ಯಾಲ ಗುಡ್ಡದಾಗ ಯಾರೂ ಬಿಡೂದಿಲ್ಲ. ನಮ್ಮ ಮುಂದೂ ಇಲ್ಲ, ಡಾಕ್ಟರ ಮುಂದೂ ಇಲ್ಲ."

ಚಿಕ್ಕಮಠರು ಕನ್ನಡಕ ಮತ್ತೆ ಹಾಕಿಕೊಂಡರು. "ಬರಿ. ಆದ್ರ ಮಂದಿ ಮಾತಾಡಲಿಲ್ಲ ಅಂದ್ರ ತಗೀತೀನಿ, ಈಗ ಹೇಳೇನಿ," ಎಂದರು.

ಹಾಗೇ ಆಯಿತು. ಮೈ ಹುಷಾರಿಲ್ಲ ಎಂದು ಒಡನಾಡಿಯ ಹತ್ತಿರ ಹೇಳಿಕೊಳ್ಳಲು ಯಾರೂ ಬರಲಿಲ್ಲ. ಆ ಸಾಲುಗಳನ್ನು ಉಳಿಸುವುದೋ ತೆಗೆಯುವುದೋ ಎಂದು ತಿಂಗಳ ಕೊನೆಗೆ ತೀರ್ಮಾನ ಆಗಬೇಕಿತ್ತು. ಮಹಾನಂದಾ ಕೇಳಿದ್ದು ಅಷ್ಟರೊಳಗೆ.

*

ಫೋನಿನಲ್ಲಿ ಉತ್ತರ ಮೂಡಿತು.

"ನಮಸ್ಕಾರ ಮಹಾನಂದಾ ಅವರೇ. ಹೇಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಇಲ್ಲ, ನಮ್ಮಿಬ್ಬರ ನಡುವೆಯೇ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಇದು ಕಂಪನಿಯ ಫೋನು, ನೀವು ನಿಮ್ಮ ಹೆಸರಿನಲ್ಲಿ ಒಳಗೆ ಬಂದಿದ್ದೀರಿ. ನನಗೆ ತಿಳಿಸಿರುವಂತೆ, ಇಲ್ಲಿಯ ಮಾತು ಕಂಪನಿಯ ಕಂಪ್ಯೂಟರಿನಲ್ಲಿ ಮೂರು ತಿಂಗಳು ಇರುತ್ತದೆ. ಅಪಾಯದ ಸುಳಿವಿರುವ ಮಾತನ್ನು ಕಂಟ್ರೋಲ್ ರೂಮಿನವರು ಓದಬಹುದು. ಓದುವವರಲ್ಲಿ ಪಾಳಿ ಹಾಕುವವರೂ ಇದ್ದಾರೆ. ಇನ್ನೂ ಯಾರಿಗಾದರೂ ಕಾಣುತ್ತದೆಯೇ ಎಂಬುದು ನನಗೆ ತಿಳಿಯದು. ಕೆಲಸದ ಮಾಮೂಲಿ ವಿಷಯವಾದರೆ ಧಾರಾಳವಾಗಿ ಕೇಳಿ. ಸ್ವಂತದ ವಿಷಯವಾದರೆ, ಇಲ್ಲಿ ಹೇಳಬೇಕೋ ಬೇಡವೋ ಎಂದು ಯೋಚಿಸಿ ನಿರ್ಧರಿಸಿ. ಏಕೆ ಕೇಳಿದಿರಿ ಎಂದು ನನಗೆ ಹೇಳಬೇಕಾಗಿಲ್ಲ."

ಮಹಾನಂದಾಳಿಗೆ ಸಿಟ್ಟು ಬಂತು. ಬಾಗಿಲು ಬಡಿದವಳಿಗೆ ಒಳಗಿನಿಂದ ಬೇಡ ಅಂದಂತೆ.

"ನೀ ಏನ್ ಹೋಗಿ ಚಾಡಿ ಹೇಳ್ತೀಯೇನು?" ಎಂದು ಬರೆದಳು.

"ನಾನಾಗಿ ಯಾರ ಹತ್ತಿರವೂ ಹೋಗಿ ಹೇಳುವುದಿಲ್ಲ. ನಾಳೆ ನೀವು ಹೊಸದಾಗಿ ಮಾತು ಶುರುಮಾಡಿದರೆ ಇವತ್ತಿನದು ನನ್ನ ನೆನಪಿನಲ್ಲೂ ಇರುವುದಿಲ್ಲ. ಆದರೆ ನಾನು ಮರೆತೆ ಎಂದರೆ ಕಂಪ್ಯೂಟರಿನಲ್ಲಿ ಉಳಿದದ್ದು ಅಳಿಯಿತು ಎಂದಲ್ಲ. ಅವೆರಡೂ ಬೇರೆ ಬೇರೆ."

"ನಾ ಅಳಿಸಿಬಿಟ್ರ?"

"ನಿಮ್ಮ ಪರದೆಯಿಂದ ಹೋಗುತ್ತದೆ. ಕಂಪನಿಯ ಕಂಪ್ಯೂಟರಿನಿಂದಲೂ ಹೋಗುತ್ತದೆ ಎಂದು ನನಗೆ ಯಾರೂ ತಿಳಿಸಿಲ್ಲ. ಹಾಗಾಗಿ ಹೋಗುವುದಿಲ್ಲ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು."

ಅವಳಿಗೆ ಒಂದು ಉಪಾಯ ಹೊಳೆಯಿತು. "ನನ್ನ ವಿಷಯ ಅಲ್ಲ. ನನ್ನ ಗೆಳತಿ ಒಬ್ಬಾಕಿ. ಮ್ಯಾಲ ನೋಡಿದ್ರ ತಲಿ ತಿರಗತೈತಿ ಆಕಿಗೆ."

"ಗೆಳತಿಯ ವಿಷಯವೆಂದೇ ನಾನು ಉತ್ತರಿಸುತ್ತೇನೆ. ಆದರೆ ಒಂದು ಮಾತು ತಿಳಿದಿರಲಿ: ಹೆಸರು ಬಿಟ್ಟರೂ ಈ ಮಾತು ನಿಮ್ಮ ಖಾತೆಯಲ್ಲೇ ಉಳಿಯುತ್ತದೆ, ಓದಿದವರು ನಿಮ್ಮದೇ ಎಂದುಕೊಳ್ಳಬಹುದು. ಇನ್ನು ಗೆಳತಿಗೆ: ತಲೆ ತಿರುಗುವುದಕ್ಕೆ ಹಲವು ಕಾರಣಗಳಿವೆ, ಸುಲಭವಾಗಿ ವಾಸಿಯಾಗುವವೂ ಇವೆ. ಯಾವುದೆಂದು ಡಾಕ್ಟರು ಮುಟ್ಟಿ ನೋಡಿಯೇ ಹೇಳಬೇಕು. ಡಾಕ್ಟರಾದರೆ ರೋಗಿಯ ಮಾತನ್ನು ಗುಟ್ಟಾಗಿಡಬೇಕಾದವರು, ನಾನು ಕೊಡಲಾಗದ ಗುಟ್ಟಿನ ಭರವಸೆಯನ್ನು ಅವರನ್ನು ಕೇಳಬಹುದು. ಅಲ್ಲಿಯವರೆಗೆ ನಿಮ್ಮ ಗೆಳತಿ ಎತ್ತರಕ್ಕೆ ಹತ್ತುವುದು ಬೇಡ. ಈ ಮಾತನ್ನು ಯಾರು ಓದಿದರೂ ನಾನು ಇದನ್ನೇ ಹೇಳುತ್ತಿದ್ದೆ."

ಮಹಾನಂದಾ ಫೋನನ್ನು ಚೀಲಕ್ಕೆ ತುರುಕಿದಳು.

*

ಮನೆಯಲ್ಲಿ ಬಸಲಿಂಗ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ. ಮುಂದಿನ ಕೋಣೆಯೇ ಅವನ ಅಂಗಡಿ. ಗಿರಾಕಿಗಳ ಅಳತೆ, ಬಟ್ಟೆಯ ಫೋಟೋ ಎಲ್ಲ ಇದ್ದ ಮನೆಯ ಫೋನು ಕತ್ತರಿಯ ಪಕ್ಕದಲ್ಲಿತ್ತು. ಅವನು ಗಿರಾಕಿಯೊಬ್ಬರಿಗೆ ಜಂಪರಿನ ತೋಳು ತೋರಿಸುತ್ತಿದ್ದಾಗ ಮಹಾನಂದಾ ಆ ಫೋನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಅದರಲ್ಲೂ ಎಲ್ಲರೂ ಬಳಸುವ ಒಂದು ಯಂತ್ರ ಸಹಾಯಕ ಇತ್ತು, ಬೇರೆಯವರು ಮಾಡಿದ್ದು. ಇದು ಕಂಪನಿಯದ್ದಲ್ಲ, ಇಲ್ಲಿ ಹೆದರಿಕೆ ಇಲ್ಲ ಅಂದುಕೊಂಡಳು. ಆದರೂ ಅದೇ ಪ್ರಶ್ನೆಯನ್ನೇ ಕೇಳಿದಳು.

"ನಮಸ್ಕಾರ," ಎಂದಿತು ಅದು. "ಸಹಾಯಕನನ್ನು ನಡೆಸುವವರ ಹತ್ತಿರ ಮಾತು ಉಳಿಯಬಹುದು. ಎಷ್ಟು ದಿನ, ಯಾವುದಕ್ಕೆ ಬಳಸುತ್ತಾರೆ ಎಂಬುದು ಅವರ ಗೋಪ್ಯತೆಯ ನಿಯಮಗಳಲ್ಲಿ ಬರೆದಿರುತ್ತದೆ, ಸೆಟ್ಟಿಂಗ್ಸಿನಲ್ಲಿ ಸಿಗುತ್ತದೆ. ನಿಮ್ಮ ಫೋನಿನ ಸೆಟ್ಟಿಂಗ್ ಹೇಗಿದೆ ಎಂದು ನನಗೆ ಕಾಣುವುದಿಲ್ಲ. ಇನ್ನೊಂದು: ಈ ಫೋನನ್ನು ಬೇರೆ ಯಾರಾದರೂ ಬಳಸುತ್ತಾರೆಯೇ? ಹಾಗಿದ್ದರೆ ಹಿಂದಿನ ಮಾತುಕತೆಗಳ ಸಾಲಿನಲ್ಲಿ ಇದು ಅವರಿಗೆ ಕಾಣಬಹುದು. ನಿಮ್ಮ ಹೆಸರು, ಕೆಲಸದ ಜಾಗ ಹೇಳದೆಯೂ ನೀವು ಕೇಳಬಹುದು."

ಹೊರಗೆ ಬಸಲಿಂಗನ ದನಿ ಕೇಳುತ್ತಿತ್ತು. ಈ ಫೋನು ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ಅವನ ಕೈಗೆ ಹೋಗುತ್ತದೆ. ಹಾಗಾದರೆ ತಾನು ಮುಚ್ಚಿಡುತ್ತಿರುವುದು ಯಾರಿಂದ? ಮಧ್ಯಾಹ್ನ ಚಿಕ್ಕಮಠರಿಂದ ಎಂದುಕೊಂಡಿದ್ದಳು. ಈಗ ನೋಡಿದರೆ ಪಕ್ಕದಲ್ಲೇ ಮಲಗುವವನಿಂದ. ಒಂದು ಯಂತ್ರದ ಹತ್ತಿರ ಹೇಳಲು ಜಾಗ ಹುಡುಕುತ್ತ ಊರೆಲ್ಲ ತಿರುಗಿದಂತೆ ಆಯಿತಲ್ಲ ಎಂದು ಅವಳಿಗೆ ಅಳುವೂ ಬಂತು, ನಗುವೂ ಬಂತು.

ಗಿರಾಕಿ ಹೋದ ಮೇಲೆ ಅವಳು ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ರೀ, ಒಂದ್ ಮಾತ್ ಹೇಳ್ತೀನಿ. ಕೆಲಸ ಬಿಡು ಅನ್ನಬಾರದು."

ಬಸಲಿಂಗ ಕಾಲು ಪೆಡಲಿನಿಂದ ತೆಗೆದ. ಅವಳು ಎಲ್ಲ ಹೇಳಿದಳು. ಚೀಲ ಜಾರಿದ್ದನ್ನೂ, ಕೆಳಗೆ ಇಮಾಮ್‌ಸಾಬ್ ಇದ್ದದ್ದನ್ನೂ ಬಿಡಲಿಲ್ಲ.

ಅವನು ಕೈಯಲ್ಲಿದ್ದ ದಾರವನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಬೆಳಿಗ್ಗೆ ಮಗ್ಗಲಾ ಬದಲ್ಸುವಾಗ ಮಂಚ ಹಿಡ್ಕೊಂತಿದ್ದಿ," ಎಂದ ಕಡೆಗೆ. "ನೋಡೇನಿ. ಬಸರೇನೋ ಅಂದ್ಕೊಂಡಿದ್ದೆ. ನೀನ ಹೇಳ್ತಿ ಅಂತ ಸುಮ್ನಿದ್ದೆ."

ಇಬ್ಬರೂ ನಕ್ಕರು.

"ಕೆಲಸ ಬಿಡು ಅನ್ನೂದಿಲ್ಲ. ಆದ್ರ ನಾಳೆ ಹತ್ತಬ್ಯಾಡ. ದವಾಖಾನಿಗೆ ಹೋಗೂಣು."

"ಇಮಾಮಣ್ಣಗ ನಾನ ಹೇಳಬೇಕು. ನಾಳಿ ಮೂರನೇ ಫ್ಯಾನಿಗೆ ನಮ್ಮಿಬ್ಬರದೂ ಪಾಳಿ ಐತಿ."

ಆ ಸಂಜೆಯೇ ಅವಳು ಇಮಾಮ್‌ಸಾಬನ ಮನೆಗೆ ಹೋಗಿ ಅಂಗಳದಲ್ಲಿ ನಿಂತು ಹೇಳಿದಳು. ಅವನು ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟು ತನ್ನ ತಲೆಯನ್ನೊಮ್ಮೆ ಸವರಿಕೊಂಡ. "ಸ್ಪ್ಯಾನರ್ ಬಿದ್ದಿದ್ರ ಈ ತಲಿ ಬೋಂಡಾ ಆಗತಿತ್ತಲ್ಲವಾ," ಎಂದ. ನಂತರ ಮೆತ್ತಗೆ, "ಹೇಳಿದ್ದು ಚಲೋ ಮಾಡಿದಿ. ನಾಳಿ ಬ್ಯಾರೆಯವರನ್ನ ಕರ್ಕೊಂಡು ಹೋಗ್ತೀನಿ. ನೀ ಆರಾಮಾಗಿ ಬಾ," ಎಂದ.

*

ಮರುದಿನ ಬೆಳಿಗ್ಗೆ ನಿರುಪಮಾಳ ಪರದೆಯ ಮೇಲೆ ಒಂದು ಕೆಂಪು ಗುರುತು ಬಂದಿತ್ತು. ತೆರೆದಳು. ಹೆಸರು: ಮಹಾನಂದಾ ಕಡೇಮನಿ. ಮಾತುಕತೆಯನ್ನು ಮೊದಲಿನಿಂದ ಓದಿದಳು. "ನೀ ಏನ್ ಹೋಗಿ ಚಾಡಿ ಹೇಳ್ತೀಯೇನು?" ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು. ಕಂಟ್ರೋಲ್ ರೂಮಿನವರು ಓದಬಹುದು ಎಂದು ಒಡನಾಡಿ ಹೇಳಿದ್ದು ತನ್ನನ್ನು ಕುರಿತೇ. ಆ ಸಾಲು ಬರೆಯುವಾಗ ಅದು ಬರೀ ಸಂಗತಿಯಾಗಿತ್ತು. ಈಗ ಅವಳಿಗೆ ಯಾರದೋ ಮನೆಯ ಕಿಟಕಿಯ ಹೊರಗೆ ನಿಂತಂತೆ ಆಯಿತು.

ಪಕ್ಕದ ಮೇಜಿನಲ್ಲಿ ಚಿಕ್ಕಮಠರೂ ಅದನ್ನೇ ಓದಿದ್ದರು. "ಗೆಳತಿ ಅಂತ," ಎಂದು ಎದ್ದು ನಿಂತರು. "ಪಾಳಿಯಿಂದ ಇವತ್ತ ಆಕಿ ಹೆಸರು ತಗಿ. ಮೂರನೇ ಫ್ಯಾನಿಗೆ ಹೊರಟಿರಬೇಕು. ಜೀಪಿಗೆ ಫೋನ್ ಮಾಡು!"

ನಿರುಪಮಾ ಫೋನು ಎತ್ತುವ ಮೊದಲೇ ರಜೆಯ ಪಟ್ಟಿ ನೋಡಿದಳು. "ಹೊರಟಿಲ್ಲ ಸರ್. ಬೆಳಿಗ್ಗೆನ ಹೇಳ್ಯಾರ. ತಲಿ ತಿರಗತೈತಿ, ದವಾಖಾನಿಗೆ ಹೊಂಟೀನಿ, ಇವತ್ತ ಹತ್ತೂದಿಲ್ಲ ಅಂತ. ತಮ್ಮ ಹೆಸರ್ಲೆನ ಹೇಳ್ಯಾರ."

ಚಿಕ್ಕಮಠರು ಮತ್ತೆ ಕೂತರು. "ಗುಟ್ಟಾಗಿರೂದಿಲ್ಲ ಅಂತ ಗೊತ್ತಾದ ಮ್ಯಾಲೂ?"

"ಹೌದ್ ಸರ್."

*

ಕಿವಿ-ಮೂಗು-ಗಂಟಲಿನ ಡಾಕ್ಟರು ಸರೋಜಾ ಬೆಟಗೇರಿ ಮಹಾನಂದಾಳ ತಲೆಯನ್ನು ಬಲಕ್ಕೆ ತಿರುಗಿಸಿ ಹಿಡಿದು, ಅವಳನ್ನು ಸರಕ್ಕನೆ ಹಿಂದಕ್ಕೆ ಮಲಗಿಸಿದರು. ಕೋಣೆ ತಿರುಗಿತು. ಡಾಕ್ಟರು ಅವಳ ಕಣ್ಣುಗುಡ್ಡೆ ಅದುರುವುದನ್ನು ನೋಡಿ ತಲೆಯಾಡಿಸಿದರು.

"ಕಿವಿಯ ಒಳಗ ಸಣ್ಣ ಸುಣ್ಣದ ಹರಳು ಇರತಾವ. ಅವು ಜಾಗ ಬಿಟ್ಟು ಬ್ಯಾರೆ ನಾಳದಾಗ ಬಿದ್ರ ಹಿಂಗ ಆಗತೈತಿ. ತಲಿ ಎತ್ತಿದ್ರ, ಹೊರಳಿದ್ರ ತಿರಗತೈತಿ. ಹರಳನ್ನ ಹೊಳ್ಳಿ ಕಳಸೂಣು."

ಅವಳ ತಲೆಯನ್ನು ಒಂದೊಂದೇ ಕಡೆಗೆ ತಿರುಗಿಸಿ, ಪ್ರತಿ ಸಲ ತಿರುಗುವುದು ನಿಲ್ಲುವವರೆಗೆ ಕಾದು, ಕೊನೆಗೆ ಎಬ್ಬಿಸಿ ಕೂರಿಸಿದರು. ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿದರು. ತಿರುಗುವುದು ನಿಂತಿತು.

"ಮತ್ತ ಬರಬಹುದು," ಎಂದು ಡಾಕ್ಟರು ಎಚ್ಚರಿಸಿದರು. "ಬಂದ್ರ ಮುಚ್ಚಿಡಬ್ಯಾಡ, ಅವತ್ತ ಹತ್ತಬ್ಯಾಡ. ಕೆಲವು ವಾರ ಕೆಳಗಿನ ಕೆಲಸ ಮಾಡು. ಆಮ್ಯಾಲ ನೋಡಿ ನಾನ ಬರಕೊಡ್ತೀನಿ."

*

ತಿಂಗಳ ಕೊನೆಯ ಸಭೆಗೆ ಚಿಕ್ಕಮಠರು ಮಹಾನಂದಾಳನ್ನೂ ಕರೆದರು. ಕಂಟ್ರೋಲ್ ರೂಮಿಗೆ ಅವಳು ಬಂದದ್ದು ಅದೇ ಮೊದಲು. ಗೋಡೆಯ ಹಸಿರು ಚುಕ್ಕೆಗಳಲ್ಲಿ ಮೂರನೇ ಫ್ಯಾನ್ ಯಾವುದೆಂದು ಹುಡುಕಿ ಆಮೇಲೆ ಕುರ್ಚಿಯಲ್ಲಿ ಕೂತಳು.

"ನೀವು ಓದೀರಿ ಅಂತ ಗೊತ್ತೈತ್ರಿ," ಎಂದಳು ನೇರವಾಗಿ. ನಿರುಪಮಾ ತಲೆ ತಗ್ಗಿಸಿದಳು. "ಹೇಳೇ ಓದೀರಿ, ಅದಕ ಸಿಟ್ಟಿಲ್ಲ. ಗುಟ್ಟಾಗಿರತೈತಿ ಅಂತ ಅದು ಹೇಳಿದ್ರ ನಾ ಎಲ್ಲಾ ಒದರಿಬಿಡತಿದ್ದೆ. ಮರುದಿನ ನೀವು ಜೀಪ್ ತಡದು ನನ್ನ ಇಳಸತಿದ್ರಿ. ಆಮ್ಯಾಲ ನಾ ಯಾರನ್ನೂ ನಂಬತಿರಲಿಲ್ಲ. ಇಲ್ಲ ಅಂತ ಹೇಳ್ತು. ಸಿಟ್ಟ ಬಂತು, ಖರೇ. ಆದ್ರ ಯಾರ ಮುಂದ ಹೇಳಬೇಕು ಅಂತ ನಾನ ವಿಚಾರ ಮಾಡ್ದೆ."

"ಹಂಗಾದ್ರ ಆ ಮಾತು ಇರಲಿ ಅಂತೀಯಾ?" ಎಂದರು ಚಿಕ್ಕಮಠರು.

"ಅದು ಹೇಳೂ ಮಾತು ಇರಲ್ರಿ. ನೀವು ಮಾಡೂದು ಬದಲ್ಸ್ರಿ. ನನಗ ಗಂಡ ಇದ್ದ, ಇಮಾಮಣ್ಣ ಇದ್ದ. ಯಾರೂ ಇಲ್ಲದಾವ ಏನ್ ಮಾಡಬೇಕು? ಪಾಳಿ ಹಾಕೋರು ಓದಲಾರದ ಒಂದು ಜಾಗ ಮಾಡ್ರಿ. ಆಗ ಗುಟ್ಟಾಗಿರತೈತೇನು ಅಂದ್ರ ಅದು ಖರೇ ಹೇಳಿಯೂ ಹೌದು ಅನ್ನಬಹುದು."

ಚಿಕ್ಕಮಠರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಜ್ವರ ಇದ್ದ ಹುಡುಗ ಹತ್ತಿಬಿಟ್ರ? ನನಗ ಗೊತ್ತಾಗೂದ ಇಲ್ಲಲ್ಲ."

"ಈಗ ಗೊತ್ತಾಗತಿತ್ತೇನ್ರಿ?"

ಚಿಕ್ಕಮಠರು ನಿರುಪಮಾಳ ಕಡೆ ತಿರುಗಿ, "ಅಂಥಾ ಜಾಗ ಮಾಡಾಕ ಆಗತೈತೇನು ನೋಡವಾ," ಎಂದರು.

ಆ ಕೆಲಸಕ್ಕೆ ಕೆಲವು ತಿಂಗಳು ಹಿಡಿಯಿತು. ಮೈಯ ವಿಷಯದ ಮಾತಿಗೆ ಒಡನಾಡಿಯಲ್ಲಿ ಬೇರೆಯದೇ ಬಾಗಿಲು ಆಯಿತು. ಅದನ್ನು ಸ್ವಂತ ಫೋನಿನಿಂದ, ಕಂಪನಿಯ ಖಾತೆ ಇಲ್ಲದೆ, ಹೆಸರು ಹೇಳದೆ ತೆರೆಯಬಹುದಿತ್ತು. ಅಲ್ಲಿಯ ಮಾತು ಕಂಪನಿಯ ಕಂಪ್ಯೂಟರಿಗೆ ಬರುತ್ತಲೇ ಇರಲಿಲ್ಲ, ಹೊರಗಿನ ಒಂದು ದವಾಖಾನೆಯ ಹತ್ತಿರ ಇರುತ್ತಿತ್ತು. ಅದನ್ನು ಓದಬಹುದಾದವರು ಅಲ್ಲಿಯ ಡಾಕ್ಟರು ಮಾತ್ರ. ಹತ್ತಲು ತಕ್ಕವರೋ ಅಲ್ಲವೋ ಎಂಬ ಡಾಕ್ಟರ ಚೀಟಿಯನ್ನು ಕೆಲಸಗಾರ ತಾನೇ ತಂದುಕೊಡಬೇಕು. ಇಂದು ಹತ್ತಲಾರೆ ಎಂದವರನ್ನು ಕಾರಣ ಕೇಳದೆ ಕೆಳಗಿನ ಕೆಲಸಕ್ಕೆ ಹಾಕಬೇಕು, ವಾಸಿಯಾದ ಮೇಲೆ ಹಳೆಯ ಪಾಳಿಗೇ ಕಳಿಸಬೇಕು ಎಂಬ ನಿಯಮವನ್ನು ಚಿಕ್ಕಮಠರೇ ಮೇಲಿನವರ ಜೊತೆ ಕಾದಾಡಿ ಸೇರಿಸಿದರು. ಬೆನ್ನುನೋವೆಂದು ಹೇಳಿ ಸ್ಟೋರಿನಲ್ಲೇ ಉಳಿದಿದ್ದವನು ಆ ನಿಯಮದಿಂದ ಎಲ್ಲರಿಗಿಂತ ಮೊದಲು ಹೊರಗೆ ಬಂದ.

ನಿರುಪಮಾ ಹೊಸ ಸೂಚನೆ ಬರೆದಳು. ಈಗಲೂ "ಸಂಪೂರ್ಣ ಗುಟ್ಟು" ಎಂಬ ಪದ ಅದರಲ್ಲಿ ಇರಲಿಲ್ಲ. ಯಾರ ಹತ್ತಿರ ಉಳಿಯುತ್ತದೆ, ಎಷ್ಟು ದಿನ, ಯಾರು ಓದಬಹುದು, ಕೋರ್ಟು ಕೇಳಿದರೆ ಕೊಡಬೇಕಾಗಬಹುದು, ನಿಮ್ಮ ಫೋನು ಬೇರೆಯವರ ಕೈಗೆ ಸಿಗದಂತೆ ನೀವೇ ನೋಡಿಕೊಳ್ಳಬೇಕು ಎಂದು ಇತ್ತು. ಮತ್ತು ಒಂದು ಸಾಲು: ಪಾಳಿ ಹಾಕುವವರಿಗೆ ಇದು ಕಾಣುವುದಿಲ್ಲ.

ಮೊದಲ ವಾರ ಆ ಬಾಗಿಲಿಗೆ ಯಾರೂ ಬರಲಿಲ್ಲ. ಎರಡನೇ ವಾರ ಒಬ್ಬರು. ಆಮೇಲೆ ಮೂರು ನಾಲ್ಕು ಜನ. ನಿರುಪಮಾಳಿಗೆ ದವಾಖಾನೆಯಿಂದ ಬರುತ್ತಿದ್ದದ್ದು ಎಷ್ಟು ಜನ ಎಂಬ ಸಂಖ್ಯೆ ಮಾತ್ರ.

ಒಂದು ಮಧ್ಯಾಹ್ನ ಚಿಕ್ಕಮಠರು ಅವಳ ಪರದೆಯ ಹತ್ತಿರ ಬಗ್ಗಿದರು. "ಈ ವಾರ ಒಂಬತ್ತು ಮಂದಿ. ಯಾರವಾ ಇವರು?"

"ಗೊತ್ತಿಲ್ಲ ಸರ್."

"ಏನ್ ಕೇಳಿರಬೇಕು?"

"ಅದೂ ಗೊತ್ತಿಲ್ಲ."

ಚಿಕ್ಕಮಠರು ಕಿಟಕಿಯ ಕಡೆ ನಡೆದರು. ದೂರದ ಗುಡ್ಡದ ಮೇಲೆ ಒಂದು ಫ್ಯಾನ್ ನಿಧಾನವಾಗಿ ನಿಲ್ಲುತ್ತಿತ್ತು. ಯಾರೋ ಕೆಲಸಕ್ಕೆ ಹತ್ತಲು ಅದನ್ನು ನಿಲ್ಲಿಸುತ್ತಿದ್ದರು. ಪಾಳಿಯ ಪ್ರಕಾರ ಅದು ಮಹಾನಂದಾ ಮತ್ತು ಇಮಾಮ್‌ಸಾಬ್. ಅವಳು ಮತ್ತೆ ಹತ್ತಲು ಶುರುಮಾಡಿ ಆಗಲೇ ಬಹಳ ದಿನಗಳಾಗಿದ್ದವು. ಇಷ್ಟು ದೂರದಿಂದ ಮನುಷ್ಯರು ಕಾಣುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಆ ಬಿಳಿಯ ರೆಕ್ಕೆಗಳು ಪೂರ್ತಿ ನಿಲ್ಲುವವರೆಗೂ ಅಲ್ಲೇ ನಿಂತು ನೋಡಿದರು.